ಎನ್‌ಪಿವಿ 2.7 ಕೋಟಿ ಇದ್ದರೂ ಮೋಲ್ಡಿಂಗ್ ಲೈನ್ ಕೈಬಿಟ್ಟಿದ್ದೇವೆ: ಬೋರ್ಡ್‌ಗೆ ಟಿಪ್ಪಣಿ ಹೇಗೆ ಬರೆಯಲಿ?

ಉದ್ಯಮಬಾಗ_ಲೆಕ್ಕಿಗ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಫೈನಾನ್ಸ್ ಮ್ಯಾನೇಜರ್ ಆಗಿದ್ದೇನೆ. ಟ್ರ್ಯಾಕ್ಟರ್ ಮತ್ತು ಪಂಪ್ ಕಂಪನಿಗಳಿಗೆ ಎರಕದ ಬಿಡಿಭಾಗ ಕೊಡುತ್ತೇವೆ. 2026-27ರ ಬಂಡವಾಳ ವೆಚ್ಚಕ್ಕೆ ಬೋರ್ಡ್ 12 ಕೋಟಿ ಮಿತಿ ಹಾಕಿದೆ. ಮುಂದೆ ನಾಲ್ಕು ಪ್ರಸ್ತಾವಗಳಿದ್ದವು. ಎಲ್ಲಕ್ಕೂ 14% ದರದಲ್ಲೇ ಲೆಕ್ಕ ಹಾಕಿದ್ದೇವೆ, ನಾಲ್ಕರದ್ದೂ ಎನ್‌ಪಿವಿ ಪಾಸಿಟಿವ್.

ಹೊಸ ಇಂಡಕ್ಷನ್ ಫರ್ನೇಸ್: ಖರ್ಚು 5 ಕೋಟಿ, ಎನ್‌ಪಿವಿ 2 ಕೋಟಿ.
ಸಿಎನ್‌ಸಿ ಮಷೀನಿಂಗ್ ಲೈನ್: ಖರ್ಚು 7 ಕೋಟಿ, ಎನ್‌ಪಿವಿ 2.1 ಕೋಟಿ.
ಮರಳು ರಿಕ್ಲಮೇಷನ್ ಘಟಕ: ಖರ್ಚು 3 ಕೋಟಿ, ಎನ್‌ಪಿವಿ 1.05 ಕೋಟಿ.
ಹೈ ಪ್ರೆಷರ್ ಮೋಲ್ಡಿಂಗ್ ಲೈನ್: ಖರ್ಚು 9 ಕೋಟಿ, ಎನ್‌ಪಿವಿ 2.7 ಕೋಟಿ.

ಫರ್ನೇಸ್ ಮತ್ತು ಸಿಎನ್‌ಸಿ ಆರಿಸಿದ್ದೇವೆ. ಎರಡೂ ಸೇರಿ ಸರಿಯಾಗಿ 12 ಕೋಟಿ, ಎನ್‌ಪಿವಿ 4.1 ಕೋಟಿ. ನನ್ನ ತಲೆನೋವು ಮೋಲ್ಡಿಂಗ್ ಲೈನಿನದು. ನಾಲ್ಕರಲ್ಲಿ ಅತಿ ದೊಡ್ಡ ಎನ್‌ಪಿವಿ ಅದರದೇ, ಎಂಡಿ ಅವರಿಗೆ ಅದರ ಮೇಲೆ ಬಹಳ ಮನಸ್ಸು. ಸ್ವತಂತ್ರ ನಿರ್ದೇಶಕರೊಬ್ಬರು ಹೋದ ಸಭೆಯಲ್ಲೇ ಕೇಳಿದರು: "ಎನ್‌ಪಿವಿ ಪಾಸಿಟಿವ್ ಇದ್ದರೆ ತಗೋಬೇಕು ಅಂತ ನೀವೇ ಹೇಳ್ತಿದ್ರಿ, ಈಗ ಅತಿ ದೊಡ್ಡದನ್ನೇ ಬಿಟ್ಟಿದ್ದೀರಲ್ಲ?"

ನಾನು ಬರೆದಿರುವ ಕರಡು ಇಷ್ಟೇ: "ಲಭ್ಯ ಬಂಡವಾಳ ಸೀಮಿತವಾಗಿರುವುದರಿಂದ, ಒಟ್ಟು ಎನ್‌ಪಿವಿ ಗರಿಷ್ಠವಾಗುವಂತೆ ಫರ್ನೇಸ್ ಹಾಗೂ ಸಿಎನ್‌ಸಿ ಲೈನನ್ನು ಆರಿಸಲಾಗಿದೆ. ಮೋಲ್ಡಿಂಗ್ ಲೈನ್ ಪ್ರಸ್ತಾವವನ್ನು ಕೈಬಿಡಲಾಗಿದೆ." ಬೋರ್ಡಿನಲ್ಲಿ ಇದು ನಿಲ್ಲೋದಿಲ್ಲ ಅನಿಸುತ್ತಿದೆ. ಇನ್ನೇನು ಹೇಳಬೇಕು?

ಪೀಣ್ಯ_2ನೇ_ಹಂತ

ಸರ್, ಇಷ್ಟು ಒಳ್ಳೆ ಪ್ರಾಜೆಕ್ಟ್ ಯಾಕೆ ಬಿಡ್ತೀರಿ? ಸಿಜಿಟಿಎಂಎಸ್‌ಇ ಗ್ಯಾರಂಟಿ ಮೇಲೆ ಸಾಲ ತಗೊಳ್ಳಿ. ನಾನು ಎರಡು ಮಷೀನ್ ಹಾಗೇ ತಂದಿದ್ದು, ಆಸ್ತಿ ಅಡ ಇಡೋ ಗೋಜೇ ಇರಲಿಲ್ಲ. ಬ್ಯಾಂಕ್ ಮ್ಯಾನೇಜರ್ ಹತ್ರ ಕೂತು ಮಾತಾಡಿ, ಆಗುತ್ತೆ.

ಉದ್ಯಮಬಾಗ_ಲೆಕ್ಕಿಗ

ಧನ್ಯವಾದ ಸರ್. ಆದರೆ ನಮ್ಮದು ಮಧ್ಯಮ ಉದ್ಯಮದ ವರ್ಗ, ಆ ಗ್ಯಾರಂಟಿ ಇರೋದು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ. ಅದು ಸಿಕ್ಕಿದರೂ ನಮ್ಮ ತೊಡಕು ಬಿಡಿಸೋದಿಲ್ಲ. ನಮಗೆ ಅಡಮಾನದ ಕೊರತೆ ಇಲ್ಲ, ಸಾಲದ ಒಟ್ಟು ಮೊತ್ತವೇ ಮೇಲ್ಮಿತಿ ಮುಟ್ಟುತ್ತಿದೆ. ಬ್ಯಾಂಕಿನ ಮಂಜೂರಾತಿ ಪತ್ರದಲ್ಲಿ, ಒಟ್ಟು ಸಾಲ ಎಬಿಟ್ಡಾದ 3 ಪಟ್ಟು ಮೀರಬಾರದು ಅಂತ ಷರತ್ತಿದೆ. ಎಬಿಟ್ಡಾ 14 ಕೋಟಿ, ಅಂದರೆ ಸಾಲ 42 ಕೋಟಿವರೆಗೆ ಹೋಗಬಹುದು. ಈಗ 36 ಕೋಟಿ ಇದೆ. ಹೊಸದಾಗಿ 6 ಕೋಟಿ ಸಾಲ, ನಮ್ಮ ಸ್ವಂತ ಗಳಿಕೆಯಿಂದ 6 ಕೋಟಿ. 12 ಕೋಟಿ ಬಂದದ್ದು ಹೀಗೆ.

ಸಿಎ_ಫೈನಲ್_ಮೈಸೂರು

ಸರ್, ನಿಮ್ಮ ಆಯ್ಕೆಯಲ್ಲೇ ನನಗೆ ಅನುಮಾನ ಇದೆ, ತಪ್ಪು ತಿಳೀಬೇಡಿ. ಬಂಡವಾಳ ಕಮ್ಮಿ ಇದ್ದಾಗ ಹಾಕಿದ ಪ್ರತಿ ರೂಪಾಯಿಗೆ ಎಷ್ಟು ಎನ್‌ಪಿವಿ ಬರುತ್ತೆ ಅಂತ ನೋಡಿ ಸಾಲು ಕಟ್ಟಬೇಕು. ಫರ್ನೇಸ್‌ಗೆ 40 ಪೈಸೆ, ಮರಳು ಘಟಕಕ್ಕೆ 35, ಸಿಎನ್‌ಸಿಗೂ ಮೋಲ್ಡಿಂಗ್‌ಗೂ 30. ಅಂದರೆ ಫರ್ನೇಸ್ ಆದಮೇಲೆ ಮರಳು ಘಟಕ ಬರಬೇಕಿತ್ತು. ಅದನ್ನ ಬಿಟ್ಟು 30 ಪೈಸೆಯ ಸಿಎನ್‌ಸಿ ಹೇಗೆ ತಗೊಂಡ್ರಿ? ಫರ್ನೇಸ್ 5, ಮರಳು 3, ಉಳಿದ 4 ಕೋಟಿಗೆ ಸಿಎನ್‌ಸಿಯ ಏಳರಲ್ಲಿ ನಾಲ್ಕು ಭಾಗ ಮಾಡಿದ್ರೆ ಎನ್‌ಪಿವಿ 2 + 1.05 + 1.2, ಒಟ್ಟು 4.25 ಕೋಟಿ. ನಿಮ್ಮ 4.1ಕ್ಕಿಂತ 15 ಲಕ್ಷ ಜಾಸ್ತಿ.

ಮೋಲ್ಡಿಂಗ್_ಶಾಪ್

ತಮ್ಮಾ, ಮೋಲ್ಡಿಂಗ್ ಲೈನ್ ಏಳರಾಗ ನಾಕು ಭಾಗ ತರಾಕ ಬರೂದಿಲ್ಲ. ಮೋಲ್ಡ್ ಹಾಕೂ ಮಷೀನ್ ಇಲ್ಲದ ಕನ್ವೇಯರ್ ತಂದು ಏನ್ ಮಾಡ್ತಿ? ಖರೇ ಹೇಳಬೇಕಂದ್ರ ಸಿಎನ್‌ಸಿ ಹಂಗಲ್ಲ. ಅದು ಬಿಡಿ ಬಿಡಿ ಮಷೀನ್. ಐದರ ಬದ್ಲಿ ಮೂರು ತಂದು ಕೆಲಸ ಚಾಲೂ ಮಾಡಬಹುದು. ಲೆಕ್ಕಿಗ ಸಾಹೇಬ್ರ, ಈ ಹುಡುಗ ಹೇಳಿದ್ದು ಒಮ್ಮೆ ನೋಡ್ರಿ.

ಉದ್ಯಮಬಾಗ_ಲೆಕ್ಕಿಗ

ಒಳ್ಳೆ ಪ್ರಶ್ನೆ. ನಾವು ಇದನ್ನ ಹಾಕಿ ನೋಡಿದ್ದೇವೆ, ಆದರೆ ಟಿಪ್ಪಣಿಯಲ್ಲಿ ಬರೆಯಬೇಕು ಅಂತ ಹೊಳೆದಿರಲಿಲ್ಲ.

ಸಿಎನ್‌ಸಿಯ 7 ಕೋಟಿಯಲ್ಲಿ 1.5 ಕೋಟಿ ಮಷೀನ್ ಎಷ್ಟೇ ತಂದರೂ ಆಗುವ ಖರ್ಚು: ಅಡಿಪಾಯ, ಕೂಲಂಟ್ ವ್ಯವಸ್ಥೆ, ಅಳತೆ ನೋಡುವ ಸಿಎಂಎಂ, ಅದಕ್ಕೊಂದು ಎಸಿ ಕೋಣೆ. ಉಳಿದ 5.5 ಕೋಟಿಗೆ ಐದು ಮಷೀನ್, ಒಂದಕ್ಕೆ 1.1 ಕೋಟಿ. ಒಂದು ಮಷೀನಿನಿಂದ ಬರುವ ಆದಾಯದ ಇಂದಿನ ಮೌಲ್ಯ 1.82 ಕೋಟಿ.

4 ಕೋಟಿ ಮಾತ್ರ ಇದ್ದರೆ 1.5 ಕೋಟಿ ತೆಗೆದು ಉಳಿಯೋದು 2.5 ಕೋಟಿ, ಅದಕ್ಕೆ ಎರಡು ಮಷೀನ್ ಬರುತ್ತವೆ. ಖರ್ಚು 3.7 ಕೋಟಿ, ಬರುವುದು 3.64 ಕೋಟಿ. ಅಂದರೆ ಎನ್‌ಪಿವಿ ಮೈನಸ್ 6 ಲಕ್ಷ. ಪೂರ್ತಿ ತಂದರೆ 2.1 ಕೋಟಿ ಕೊಡುವ ಪ್ರಾಜೆಕ್ಟ್ ಅರ್ಧ ತಂದರೆ ನಷ್ಟ. ಹಾಗಾಗಿ 1.2 ಕೋಟಿ ಕಾಗದದ ಮೇಲಷ್ಟೇ ಇದೆ.

ತುಂಗಾತೀರ

ಈ ಒಂದು ಪ್ಯಾರಾ ಟಿಪ್ಪಣಿಯಲ್ಲಿ ಇರಲೇಬೇಕು. ಮರಳು ಘಟಕ ಯಾಕೆ ಬಿಟ್ಟಿರಿ ಅಂತ ಯಾರಾದರೂ ಕೇಳೇ ಕೇಳುತ್ತಾರೆ, ಯಾಕಂದರೆ ಪೈಸೆ ಲೆಕ್ಕದಲ್ಲಿ ಅದು ಎರಡನೆಯದು. ಸಾಲು ಕಟ್ಟುವ ಪದ್ಧತಿ ಸರಿಯಾಗೋದು ಪ್ರಾಜೆಕ್ಟನ್ನು ಬೇಕಾದಷ್ಟು ಕತ್ತರಿಸಲು ಬಂದಾಗ. ಇಡಿಯಾಗೇ ತರಬೇಕಾದಾಗ ಸಾಲಿನ ಮೇಲಿನವನ್ನು ಎತ್ತಿಕೊಳ್ಳುತ್ತಾ ಹೋದರೆ ಕೊನೆಗೆ ಹಣ ಉಳಿದುಬಿಡುತ್ತದೆ. ಫರ್ನೇಸ್, ಮರಳು ಎತ್ತಿದಿರಿ, 3.05 ಕೋಟಿ ಬಂತು, 4 ಕೋಟಿ ಸುಮ್ಮನೆ ಕೂತಿತು. ಲಾರಿಗೆ ಲೋಡ್ ಮಾಡುವವರು ಮೊದಲು ಚಿಕ್ಕ ಪೆಟ್ಟಿಗೆ ಏರಿಸಿ ದೊಡ್ಡದಕ್ಕೆ ಜಾಗ ಇಲ್ಲದಂತೆ ಮಾಡಿಕೊಂಡ ಹಾಗೆ.

ನಾಲ್ಕೇ ಪ್ರಾಜೆಕ್ಟ್ ಇರುವಾಗ ಸೂತ್ರ ಯಾಕೆ? ಕೂಡಿಸಿ ನೋಡಿ. 12 ಕೋಟಿಯೊಳಗೆ ಬರುವ ಜೋಡಿ ನಾಲ್ಕೇ:

ಫರ್ನೇಸ್ ಮತ್ತು ಸಿಎನ್‌ಸಿ: ಖರ್ಚು 12, ಎನ್‌ಪಿವಿ 4.1.
ಮೋಲ್ಡಿಂಗ್ ಮತ್ತು ಮರಳು: ಖರ್ಚು 12, ಎನ್‌ಪಿವಿ 3.75.
ಸಿಎನ್‌ಸಿ ಮತ್ತು ಮರಳು: ಖರ್ಚು 10, ಎನ್‌ಪಿವಿ 3.15.
ಫರ್ನೇಸ್ ಮತ್ತು ಮರಳು: ಖರ್ಚು 8, ಎನ್‌ಪಿವಿ 3.05.

ಈ ನಾಲ್ಕು ಸಾಲು ಟಿಪ್ಪಣಿಯಲ್ಲಿ ಹಾಗೇ ಹಾಕಿ. ನಿರ್ದೇಶಕರು ಕಣ್ಣಾರೆ ನೋಡಲಿ. ಮೋಲ್ಡಿಂಗ್ ತೆಗೆದುಕೊಂಡರೆ ಅದರ ಪಕ್ಕಕ್ಕೆ ಹಿಡಿಸೋದು ಮರಳು ಘಟಕ ಒಂದೇ, ಆಗ ಕಂಪನಿಗೆ 35 ಲಕ್ಷ ಕಡಿಮೆ. ನಿಮ್ಮ ನಿರ್ದೇಶಕರ ಪ್ರಶ್ನೆಗೆ ನೇರ ಉತ್ತರ ಇದೇ. ಎನ್‌ಪಿವಿ ನಿಯಮವನ್ನು ನೀವು ಮುರಿದಿಲ್ಲ, ಬಿಡಿ ಪ್ರಾಜೆಕ್ಟಿನ ಬದಲು ಜೋಡಿಯ ಎನ್‌ಪಿವಿ ನೋಡಿದ್ದೀರಿ.

ಆದರೆ 35 ಲಕ್ಷವನ್ನು ದೊಡ್ಡದಾಗಿ ತೋರಿಸಬೇಡಿ. ಮೋಲ್ಡಿಂಗ್‌ನ 2.7 ಕೋಟಿ ಅಂದಾಜು 13% ಹೆಚ್ಚಾದರೆ ಎರಡು ಜೋಡಿಯೂ ಸರಿಸಮ. ಹತ್ತು ವರ್ಷದ ಅಂದಾಜಿನಲ್ಲಿ 13% ಆಚೀಚೆ ಆಗೋದು ದೊಡ್ಡ ಮಾತಲ್ಲ. ಇದನ್ನೂ ನೀವೇ ಮೊದಲು ಹೇಳಿಬಿಡಿ.

ಒಂದು ಪ್ರಶ್ನೆ: ಮೋಲ್ಡಿಂಗ್‌ನ 9 ಕೋಟಿಯಲ್ಲಿ ದುಡಿಯುವ ಬಂಡವಾಳ ಸೇರಿದೆಯೇ? ಉತ್ಪಾದನೆ ಏರಿದರೆ ಗ್ರಾಹಕರಿಂದ ಬರಬೇಕಾದ ಬಾಕಿಯೂ ಏರುತ್ತದೆ.

ಉದ್ಯಮಬಾಗ_ಲೆಕ್ಕಿಗ

ಸೇರಿದೆ ಮೇಡಂ. ಯಂತ್ರ, ಸಿವಿಲ್ ಕೆಲಸ ಸೇರಿ 8 ಕೋಟಿ 20 ಲಕ್ಷ, ಉಳಿದ 80 ಲಕ್ಷ ದುಡಿಯುವ ಬಂಡವಾಳ. ಲೈನಿನ ಆಯುಷ್ಯ ಮುಗಿದಾಗ ಅದು ವಾಪಸ್ ಬರುತ್ತದೆ ಅಂತಲೇ ಹಿಡಿದಿದ್ದೇವೆ.

ಸಿಎ_ಫೈನಲ್_ಮೈಸೂರು

ಜೋಡಿ ಲೆಕ್ಕ ಅರ್ಥ ಆಯ್ತು ಮೇಡಂ. ಇನ್ನೊಂದು: ಹಣಕ್ಕೆ ಇಷ್ಟು ಬರ ಇದ್ದರೆ 14% ಬದಲು 18% ದರದಲ್ಲಿ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಬಹುದಲ್ವಾ? ಆಗ ಬಲವಿಲ್ಲದ್ದು ತಾನೇ ಉದುರಿಹೋಗುತ್ತೆ, ಬೋರ್ಡ್‌ಗೆ "ಎನ್‌ಪಿವಿ ಸಾಲಲಿಲ್ಲ" ಅಂತ ಹೇಳೋದು ಸುಲಭ.

ತುಂಗಾತೀರ

ನಿಮ್ಮ ಯೋಚನೆಯ ಮೊದಲರ್ಧ ಸರಿ. ಹಣ ಕಡಿಮೆ ಇದ್ದಾಗ ಪ್ರತಿ ರೂಪಾಯಿಗೂ ಬಡ್ಡಿಗಿಂತ ಹೆಚ್ಚಿನ ಬೆಲೆ ಬರುತ್ತದೆ. ಆದರೆ ಆ ಬರ ಎಷ್ಟು ವರ್ಷದ್ದು? ಈ ವರ್ಷದ್ದು. ದರವನ್ನೇ 18%ಕ್ಕೆ ಏರಿಸಿದರೆ ಹತ್ತನೇ ವರ್ಷದ ಹಣಕ್ಕೂ ಆ ಬರ ತಟ್ಟಿದಂತಾಯಿತು. ಮೋಲ್ಡಿಂಗ್ ಲೈನ್ ಮೊದಲ ಎರಡು ವರ್ಷ ನಿಧಾನಕ್ಕೆ ಏರಿ ಆಮೇಲೆ ಕೊಡುವಂಥದ್ದು, ಅದಕ್ಕೇ ಏಟು ಹೆಚ್ಚು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು: ಒಳ್ಳೆಯ ಪ್ರಾಜೆಕ್ಟನ್ನು ಕೆಟ್ಟದ್ದು ಅಂತ ಕಡತದಲ್ಲಿ ಬರೆದಿಟ್ಟಂತಾಗುತ್ತದೆ. ನಾಳೆ ಹಣ ಬಂದಾಗಲೂ ಅದು ಮೇಲೇಳೋದಿಲ್ಲ. ಪ್ರಾಜೆಕ್ಟ್ ಚೆನ್ನಾಗಿದೆ, ಹಣ ಇಲ್ಲ. ಹಾಗೇ ಹೇಳಬೇಕು.

ಆಸ್ಪತ್ರೆ_ಆಡಳಿತ

ಮೇಡಂ ಹೇಳಿದ್ದು ನಮ್ಮಲ್ಲಿ ನಡೆದುಹೋಗಿದೆ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಎಂಆರ್‌ಐ ಬಿಟ್ಟು ಡಯಾಲಿಸಿಸ್ ಮತ್ತು ಲ್ಯಾಬ್ ತೆಗೆದುಕೊಂಡೆವು. ಕಾರಣ ಇದೇ, ಹಣದ ಮಿತಿ. ಆದರೆ ನಡಾವಳಿಯಲ್ಲಿ "ಎಂಆರ್‌ಐ ಪ್ರಸ್ತಾವ ತಿರಸ್ಕರಿಸಲಾಗಿದೆ" ಅಂತ ಒಂದೇ ಸಾಲು. ಎರಡು ವರ್ಷದ ಮೇಲೆ ಹಣ ಇತ್ತು, ಹೊಸ ಟ್ರಸ್ಟಿಗಳು ಬಂದಿದ್ದರು. ಹಳೇ ನಡಾವಳಿ ನೋಡಿ "ಇದು ಲಾಭ ಇಲ್ಲ ಅಂತ ಆಗಲೇ ತೀರ್ಮಾನ ಆಗಿದೆಯಲ್ಲ" ಅಂದರು. ಲೆಕ್ಕದ ಹಾಳೆ ಹುಡುಕಿದರೆ ಯಾರ ಹತ್ತಿರವೂ ಇಲ್ಲ, ಮಾಡಿದವರು ಕೆಲಸ ಬಿಟ್ಟಿದ್ದರು. ಮತ್ತೆ ಮೊದಲಿನಿಂದ ಮಾಡಬೇಕಾಯಿತು. ದಯವಿಟ್ಟು "ಕೈಬಿಡಲಾಗಿದೆ" ಅಂತ ಬಿಟ್ಟುಬಿಡಬೇಡಿ. ಯಾಕೆ ಬಿಟ್ಟಿರಿ, ಯಾವಾಗ ಮತ್ತೆ ತರುತ್ತೀರಿ, ಎರಡೂ ಇರಲಿ.

ತುಂಗಾತೀರ

ನಾನು ಕೇಳಬೇಕು ಅಂದುಕೊಂಡಿದ್ದಕ್ಕೇ ಬಂದಿರಿ. ಲೆಕ್ಕಿಗರೇ, ನಾಲ್ಕೂ ಪ್ರಾಜೆಕ್ಟಿನ ಖರ್ಚು ಕೂಡಿಸಿ: 24 ಕೋಟಿ. ಮುಂದಿನ ವರ್ಷವೂ 12 ಕೋಟಿ ಸಿಗುತ್ತದೆ ಅಂತಾದರೆ ಎರಡು ವರ್ಷದಲ್ಲಿ ನಾಲ್ಕೂ ಮುಗಿಯುತ್ತವೆ. ಆಗ ಯಾವುದನ್ನು ಬಿಡೋದು ಅನ್ನುವ ಪ್ರಶ್ನೆ ಹೋಗಿ ಯಾವುದು ಮೊದಲು ಅನ್ನೋದಷ್ಟೇ ಉಳಿಯುತ್ತದೆ.

ಮೊದಲು ಫರ್ನೇಸ್, ಸಿಎನ್‌ಸಿ. ಮುಂದಿನ ವರ್ಷ ಮೋಲ್ಡಿಂಗ್, ಮರಳು. ಎರಡನೆಯ ಜೋಡಿಯ 3.75 ಕೋಟಿಯನ್ನು 1.14ರಿಂದ ಭಾಗಿಸಿ, 3.29. ಒಟ್ಟು 7.39 ಕೋಟಿ.

ತಿರುಗಾಮುರುಗಾ ಮಾಡಿ. ಮೊದಲು ಮೋಲ್ಡಿಂಗ್, ಮರಳು, ಆಮೇಲೆ ಉಳಿದೆರಡು. 3.75ಕ್ಕೆ 3.60 ಸೇರಿ 7.35 ಕೋಟಿ.

ವ್ಯತ್ಯಾಸ 4 ಲಕ್ಷ. ನೀವು ಹಿಡಿದುಕೊಂಡಿದ್ದ 35 ಲಕ್ಷ ಎಲ್ಲಿ ಹೋಯಿತು ನೋಡಿ. ಎಲ್ಲವೂ ಒಂದು ವರ್ಷ ಕಾಯುತ್ತವೆ ಅಂತಾದರೆ ಯಾವುದನ್ನು ಮೊದಲು ಮಾಡಿದರೂ ಹೆಚ್ಚುಕಡಿಮೆ ಒಂದೇ. ಆದರೆ ಮೋಲ್ಡಿಂಗ್ ಕಾಯದಿದ್ದರೆ? ಗ್ರಾಹಕ ಬೇರೆ ಕಡೆ ಹೋದರೆ ನಿಮ್ಮ ದಾರಿಯಲ್ಲಿ ಉಳಿಯೋದು 4.1ಕ್ಕೆ ಮರಳಿನ 92 ಲಕ್ಷ ಸೇರಿ 5.02 ಕೋಟಿ. ಎದುರಿಗೆ 7.35. ಆಗ ನಿಮ್ಮ ಆಯ್ಕೆಯಿಂದ ಕಂಪನಿ 2.33 ಕೋಟಿ ಕಳೆದುಕೊಂಡಂತೆ.

ಆದ್ದರಿಂದ ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ ಅನ್ನೋದನ್ನು ಮೊದಲು ಹೇಳಿ. ಬೋರ್ಡಿಗೆ ಬೇಕಾದದ್ದು ಇದು.

ಉದ್ಯಮಬಾಗ_ಲೆಕ್ಕಿಗ

ಫರ್ನೇಸ್ ಕಾಯೋದಿಲ್ಲ ಮೇಡಂ. ಹಳೆಯದರ ಅರ್ಥ್ ಲೀಕೇಜ್ ಅಲಾರಂ ಈಗ ವಾರದಲ್ಲಿ ಒಂದೆರಡು ಸಲವಾದರೂ ಹೊಡೆದು ಟ್ರಿಪ್ ಆಗುತ್ತಿದೆ. ಕಾಯಿಲ್ ಒಳಗೆ ನೀರು ಹರಿಯುತ್ತದೆ, ಅದಕ್ಕೆ ಎರಡು ಕಡೆ ಬೆಸುಗೆ ಹಾಕಿಸಿಯಾಗಿದೆ. ಲೈನಿಂಗ್ ಮುಂಚಿನಷ್ಟು ಹೀಟ್ ತಡೆಯುತ್ತಿಲ್ಲ.

ಮೋಲ್ಡಿಂಗ್ ಲೈನಿನ ಗ್ರಾಹಕರಿಂದ ಒಂದು ಇಮೇಲ್ ಇದೆ. ಹೊಸ ಟ್ರಾನ್ಸ್‌ಮಿಷನ್ ಹೌಸಿಂಗ್‌ಗೆ 2028ರ ಜೂನ್ ಒಳಗೆ ಸ್ಯಾಂಪಲ್ ಬೇಕು ಅಂದಿದ್ದಾರೆ. ಖರೀದಿ ಮಾಡಿಯೇ ಮಾಡುತ್ತೇವೆ ಅಂತ ಎಲ್ಲೂ ಬರೆದಿಲ್ಲ. ಲೈನ್ ಆರ್ಡರ್ ಕೊಟ್ಟು ಚಾಲೂ ಆಗಲು 11 ತಿಂಗಳು. 2027ರ ಏಪ್ರಿಲ್ ಮೊದಲಿಗೇ ಆರ್ಡರ್ ಹೋದರೆ 2028ರ ಫೆಬ್ರವರಿ ಕೊನೆಗೆ ಲೈನ್ ನಿಲ್ಲುತ್ತದೆ. ಪ್ಯಾಟರ್ನ್ ಟ್ರಯಲ್, ಸ್ಯಾಂಪಲ್ ಎಲ್ಲ ಸೇರಿ ಇನ್ನೆರಡು ಮೂರು ತಿಂಗಳು. ಒಂದು ತಿಂಗಳಷ್ಟೇ ಉಸಿರಾಡಲು ಜಾಗ.

ಮೋಲ್ಡಿಂಗ್_ಶಾಪ್

ಸ್ಯಾಂಪಲ್ಲಷ್ಟ ಆದ್ರ ಹಳೇ ಜೋಲ್ಟ್ ಸ್ಕ್ವೀಜ್ ಮಷೀನ್ ಮ್ಯಾಲ ಹೊಡದು ಕೊಡಬಹುದಲ್ರಿ. ಲೈನ್ ಆಮ್ಯಾಗ ಬಂದ್ರ ಏನಾತು?

ಉದ್ಯಮಬಾಗ_ಲೆಕ್ಕಿಗ

ಮೊದಲ ನೋಟಕ್ಕೆ ಕೊಡಬಹುದು ಅಣ್ಣಾ. ಆದರೆ ಅವರು ಕೇಳ್ತಿರೋದು ಪಿಪ್ಯಾಪ್ ಸ್ಯಾಂಪಲ್. ಯಾವ ಲೈನಿನಲ್ಲಿ ಮಾಲು ತಯಾರಿಸ್ತೀವೋ ಅದೇ ಲೈನಿಂದ ಬರಬೇಕು. ಹಳೇ ಮಷೀನಿನದ್ದು ಕೊಟ್ಟರೆ ಲೈನ್ ಬಂದಮೇಲೆ ಮತ್ತೆ ಎಲ್ಲಾ ಮಾಡಬೇಕು.

ಮೋಲ್ಡಿಂಗ್_ಶಾಪ್

ಅದೂ ಖರೇನ. ಆದ್ರ ಫರ್ನೇಸ್ ಸುದ್ದಿ ಕೇಳಿ ಎದಿ ಝಲ್ ಅಂತು. ಕಾಯಿಲ್ ನೀರು ಕರಗಿದ ಲೋಹಕ್ಕ ತಾಗಿದ್ರ ಫರ್ನೇಸ್ ಸಿಡೀತೈತಿ, ಮುಂದ ನಿಂತ ಮನಿಷ್ಯಾ ಉಳ್ಯಾಂಗಿಲ್ಲ. ಇದರಾಗ 40 ಪೈಸೆ, 30 ಪೈಸೆ ಲೆಕ್ಕ ಏನ್ರಿ? ಅದನ್ನ ಮೊದಲ ಬರೀರಿ.

ತುಂಗಾತೀರ

ಅವರು ಹೇಳಿದ ಕ್ರಮವೇ ಸರಿ. ಫರ್ನೇಸನ್ನು ಪೈಪೋಟಿಯಿಂದಲೇ ಹೊರಗಿಡಿ. ಸುರಕ್ಷತೆಗಾಗಿ ಆಗಲೇಬೇಕಾದ್ದು ಅಂತ ಬರೆಯಿರಿ, ಮೆಂಟೆನೆನ್ಸ್ ವಿಭಾಗದ ಟ್ರಿಪ್ ದಾಖಲೆ ಲಗತ್ತಿಸಿ. ಅದಕ್ಕೆ 5 ಕೋಟಿ ಹೋದರೆ ಉಳಿಯೋದು 7 ಕೋಟಿ. 9 ಕೋಟಿಯ ಮೋಲ್ಡಿಂಗ್ ಅದರಲ್ಲಿ ಹಿಡಿಸೋದೇ ಇಲ್ಲ. ಆಗ ಉಳಿದ ಪ್ರಶ್ನೆ ಸಿಎನ್‌ಸಿಯೋ ಮರಳೋ ಅನ್ನೋದು ಮಾತ್ರ, 2.1 ಎದುರಿಗೆ 1.05.

ಇಡೀ ಟಿಪ್ಪಣಿಯ ಬೆನ್ನೆಲುಬು ಹೀಗೆ ಬದಲಾಗುತ್ತದೆ. ಮೋಲ್ಡಿಂಗ್ ಹಿಂದೆ ಸರಿದದ್ದು ಸಿಎನ್‌ಸಿಗಾಗಿ ಅಂತ ಎಂಡಿ ಅಂದುಕೊಂಡಿರಬಹುದು. ನಿಜದಲ್ಲಿ ಜಾಗ ಬೇಕಾದದ್ದು ಫರ್ನೇಸಿಗೆ. ಸಿಎನ್‌ಸಿ ಬಿಟ್ಟರೂ ಮೋಲ್ಡಿಂಗ್‌ಗೆ 2 ಕೋಟಿ ಕಡಿಮೆಯೇ.

ನಿವೃತ್ತ_ಬ್ಯಾಂಕರ್_ಉಡುಪಿ

ಆ 2 ಕೋಟಿ ಬಗ್ಗೆ ಒಂದು ಮಾತು. ನಾನು ಬ್ಯಾಂಕಿನಲ್ಲಿ ಸಾಲ ಮಂಜೂರಾತಿ ವಿಭಾಗದಲ್ಲಿ ಇದ್ದವ. ಮಂಜೂರಾತಿ ಪತ್ರದ ಷರತ್ತು ಕಲ್ಲಿನ ಮೇಲೆ ಕೆತ್ತಿದ್ದೇನೂ ಅಲ್ಲ ಮಾರಾಯ್ರೆ. 3 ಪಟ್ಟಿನ ಬದಲು ಒಂದು ವರ್ಷಕ್ಕೆ 3.15 ಪಟ್ಟಿಗೆ ಸಡಿಲಿಕೆ ಕೇಳಬಹುದು. 14 ಕೋಟಿಯ 3.15 ಪಟ್ಟು ಅಂದರೆ 44 ಕೋಟಿ ಮೇಲೆ, ನಿಮಗೆ ಬೇಕಾದ 2 ಕೋಟಿ ಅದರಲ್ಲೇ ಉಂಟು. ಫರ್ನೇಸಿನ ಕರೆಂಟ್ ಉಳಿತಾಯದಿಂದ ಎಬಿಟ್ಡಾ ಏರುತ್ತದೆ ಅಂತ ತೋರಿಸಿದರೆ ಕೇಳುವವರು ಕೇಳುತ್ತಾರೆ.

ಆದರೆ ಎರಡು ಸಂಗತಿ ನೆನಪಿರಲಿ. ಬ್ರ್ಯಾಂಚಿನಲ್ಲಿ ಇದು ಮುಗಿಯುವುದಿಲ್ಲ, ಮೂಲ ಸಾಲ ಮಂಜೂರು ಮಾಡಿದ ಮಟ್ಟಕ್ಕೇ ಹೋಗಬೇಕು, ಹೆಚ್ಚಾಗಿ ಆಡಿಟ್ ಆದ ಬ್ಯಾಲೆನ್ಸ್‌ಶೀಟ್ ಬಂದ ಮೇಲೆ. ಮತ್ತೆ, ಕೇಳದೆ ಷರತ್ತು ಮುರಿದು ಆಮೇಲೆ ಕ್ಷಮೆ ಕೇಳುವುದು ಬೇರೆ ಕಥೆ. ದಂಡ ಶುಲ್ಕ ಬೀಳಬಹುದು. ವರ್ಷದ ಕೊನೆಗೆ ಬ್ಯಾಂಕಿನ ಒಪ್ಪಿಗೆ ಕೈಯಲ್ಲಿ ಇಲ್ಲದಿದ್ದರೆ ಇಡೀ ಟರ್ಮ್ ಲೋನನ್ನು ಚಾಲ್ತಿ ಸಾಲದ ಸಾಲಿಗೆ ತರಬೇಕು ಅಂತ ಆಡಿಟರ್ ಹೇಳುವ ಪರಿಸ್ಥಿತಿಯೂ ಬಂದೀತು. ಮೊದಲೇ ಕೇಳಿ.

ಪೀಣ್ಯ_2ನೇ_ಹಂತ

ಮಷೀನ್ ಲೀಸ್‌ಗೆ ತಗೊಂಡ್ರೆ ಸಾಲದ ಲೆಕ್ಕಕ್ಕೆ ಬರಲ್ವಲ್ಲ ಸರ್?

ನಿವೃತ್ತ_ಬ್ಯಾಂಕರ್_ಉಡುಪಿ

ಹಿಂದೆ ಹಾಗೆ ನಡೆಯುತ್ತಿತ್ತು. ಇಂಡ್ ಎಎಸ್ 116 ಪಾಲಿಸುವ ಕಂಪನಿಗೆ 2019ರ ಏಪ್ರಿಲ್‌ನಿಂದ ಲೀಸ್ ಬಾಕಿಯೂ ಬ್ಯಾಲೆನ್ಸ್‌ಶೀಟಿನಲ್ಲಿ ಸಾಲದ ಹಾಗೇ ಕೂರುತ್ತದೆ. ಹಳೇ ಲೆಕ್ಕಪತ್ರ ಮಾನದಂಡದಲ್ಲಿ ಇರುವವರಿಗೆ ಬೇರೆ. ಕೊನೆಗೆ ಮಂಜೂರಾತಿ ಪತ್ರದಲ್ಲಿ "ಸಾಲ" ಅಂದರೆ ಏನೇನು ಅಂತ ಬರೆದಿದ್ದಾರೋ ಅದೇ. ಅದನ್ನು ಓದಿ ಆಮೇಲೆ ಮಾತಾಡಬೇಕು.

ತುಂಗಾತೀರ

ಬ್ಯಾಂಕರ್ ಸರ್ ಹೇಳಿದ್ದರಿಂದ ಇನ್ನೊಂದು ಪ್ಯಾರಾ ಹುಟ್ಟುತ್ತದೆ. ಮಿತಿಯ ಬೆಲೆ ಎಷ್ಟು ಅನ್ನೋದನ್ನು ಬೋರ್ಡಿಗೆ ಹೇಳಿ. 12 ಕೋಟಿ 14 ಆದರೆ ಫರ್ನೇಸ್ ಜೊತೆ ಮೋಲ್ಡಿಂಗ್ ಹಿಡಿಸುತ್ತದೆ, ಎನ್‌ಪಿವಿ 4.1ರಿಂದ 4.7ಕ್ಕೆ, 2 ಕೋಟಿಗೆ 60 ಲಕ್ಷ ಹೆಚ್ಚು. 15 ಆದರೆ ಫರ್ನೇಸ್, ಸಿಎನ್‌ಸಿ, ಮರಳು ಮೂರೂ, 5.15 ಕೋಟಿ. ಬಂಡವಾಳದ ವೆಚ್ಚ ಕಳೆದ ಮೇಲೂ ಹೆಚ್ಚಿನ ಪ್ರತಿ ರೂಪಾಯಿಗೆ 30ರಿಂದ 35 ಪೈಸೆ. ಬ್ಯಾಂಕಿನ ಸಡಿಲಿಕೆಯ ಶುಲ್ಕ, ಹೆಚ್ಚಿನ ಬಡ್ಡಿ ಇದಕ್ಕಿಂತ ಎಷ್ಟೋ ಕಡಿಮೆ ಇದ್ದೀತು.

ಮಿತಿ ಯಾರದು ಅಂತಲೂ ಬಿಡಿಸಿ ಬರೆಯಿರಿ. ಸಾಲ 6 ಕೋಟಿ ಅನ್ನೋದು ಬ್ಯಾಂಕಿನದು. ರೈಟ್ಸ್ ಇಶ್ಯೂ ಮಾಡದಿರೋದು ಯಾರ ತೀರ್ಮಾನ?

ಉದ್ಯಮಬಾಗ_ಲೆಕ್ಕಿಗ

ಪ್ರವರ್ತಕರದು ಮೇಡಂ. ಮನೆಯ ಎಲ್ಲರಿಗೂ ಈಗ ಹಣ ಹಾಕಲು ಆಗೋದಿಲ್ಲ, ಹಾಕದವರ ಪಾಲು ಕರಗುತ್ತದೆ. ಅದಕ್ಕೇ ಬೇಡ ಅಂದಿದ್ದಾರೆ. ಇದನ್ನ ನಾನು ಬರೆಯೋದು ಹೇಗೆ? ನಾನು ಅವರಲ್ಲಿ ನೌಕರ.

ಆಸ್ಪತ್ರೆ_ಆಡಳಿತ

ಬರೆಯಬೇಡಿ ಅಂತ ನನ್ನ ಸಲಹೆ. ಮನೆಯೊಳಗಿನ ವಿಷಯ. ಅದು ಎಲ್ಲರಿಗೂ ಗೊತ್ತಿರುತ್ತದೆ, ಕಾಗದಕ್ಕೆ ಬಂದರೆ ಮನಸ್ತಾಪ. ಎಂಡಿ ಜೊತೆ ಬಾಯಿಮಾತಿನಲ್ಲಿ ಮುಗಿಸಿ.

ತುಂಗಾತೀರ

ನನಗೆ ಇದು ಒಪ್ಪಿಗೆಯಿಲ್ಲ. ಮನೆಯ ಕಾರಣ ಬರೆಯಬೇಕಿಲ್ಲ, ಅದು ನಿಮ್ಮ ಕೆಲಸವೂ ಅಲ್ಲ. ಆದರೆ "ಹೊಸ ಷೇರು ಬಂಡವಾಳ ತರದಿರುವುದು ಬೋರ್ಡಿನ ಆಯ್ಕೆ, 2 ಕೋಟಿ ತಂದರೆ ಈ ವರ್ಷದ ಎನ್‌ಪಿವಿ 60 ಲಕ್ಷ ಹೆಚ್ಚುತ್ತದೆ" ಅನ್ನುವ ವಾಕ್ಯ ನಿಮ್ಮ ಕೆಲಸದ ಭಾಗ. ಪಾಲು ಉಳಿಸಿಕೊಳ್ಳಲು 60 ಲಕ್ಷ ಕೊಡೋಣ ಅಂತ ಅವರು ಯೋಚಿಸಿ ತೀರ್ಮಾನಿಸಿದರೆ ಅದು ಅವರ ಹಕ್ಕು. ಬೆಲೆ ತಿಳಿಯದೆ ತೀರ್ಮಾನಿಸುವ ಹಾಗೆ ಆಗಬಾರದು. ಹೊರಗಿನ ಷೇರುದಾರರೂ ಇದ್ದಾರಲ್ಲ, ಸ್ವತಂತ್ರ ನಿರ್ದೇಶಕರು ಕೂತಿರೋದು ಅವರಿಗಾಗಿಯೂ.

ಆಸ್ಪತ್ರೆ_ಆಡಳಿತ

ನೀವು ಹೇಳೋದು ನ್ಯಾಯ ಮೇಡಂ. ಆದರೆ ಸಂಬಳ ಕೊಡುವವರ ಎದುರು ಕೂತು ಅದನ್ನು ಓದಬೇಕಾದವರು ಅವರು. ನನ್ನ ಮಾತು ಬದಲಾಗೋದಿಲ್ಲ.

ಉದ್ಯಮಬಾಗ_ಲೆಕ್ಕಿಗ

ಎಲ್ಲರ ಮಾತು ಇಟ್ಟುಕೊಂಡು ಹೊಸದಾಗಿ ಬರೆದಿದ್ದೇನೆ. ಮುಖ್ಯ ಭಾಗ ಇಲ್ಲಿದೆ:

"ಮೋಲ್ಡಿಂಗ್ ಲೈನ್ ಪ್ರಸ್ತಾವವು ಲಾಭದಾಯಕವಾಗಿದ್ದು, ಅದರ ಎನ್‌ಪಿವಿ 2.7 ಕೋಟಿ ರೂ. ಅದನ್ನು ಈ ವರ್ಷ ಕೈಗೊಳ್ಳದಿರಲು ಕಾರಣ ಹಣದ ಮಿತಿ ಮಾತ್ರ.

ಹಳೆಯ ಇಂಡಕ್ಷನ್ ಫರ್ನೇಸಿನ ಕಾಯಿಲ್ ಸುರಕ್ಷಿತ ಸ್ಥಿತಿಯಲ್ಲಿಲ್ಲ. ಟ್ರಿಪ್ ದಾಖಲೆ ಲಗತ್ತಿಸಿದೆ. ಅದರ ಬದಲಾವಣೆಯನ್ನು ಮುಂದೂಡಲಾಗದು. ಅದಕ್ಕೆ 5 ಕೋಟಿ ತೆಗೆದಿಟ್ಟ ನಂತರ ಉಳಿಯುವ 7 ಕೋಟಿಯಲ್ಲಿ 9 ಕೋಟಿಯ ಮೋಲ್ಡಿಂಗ್ ಲೈನ್ ಸಾಧ್ಯವಿಲ್ಲ, ಅದನ್ನು ಭಾಗಗಳಾಗಿ ತರಲೂ ಬರುವುದಿಲ್ಲ. ಆ 7 ಕೋಟಿಗೆ ಸಿಎನ್‌ಸಿ ಲೈನ್ 2.1 ಕೋಟಿ ಎನ್‌ಪಿವಿ ನೀಡುತ್ತದೆ. ಮರಳು ಘಟಕ ಪ್ರತಿ ರೂಪಾಯಿಗೆ ಹೆಚ್ಚು ಕೊಟ್ಟರೂ ಒಟ್ಟು 1.05 ಕೋಟಿ ಮಾತ್ರ ನೀಡುತ್ತದೆ. ಅದರೊಂದಿಗೆ ಸಿಎನ್‌ಸಿಯನ್ನು ಭಾಗಶಃ ತಂದರೆ ಸಿಎನ್‌ಸಿ ನಷ್ಟಕ್ಕಿಳಿಯುತ್ತದೆ.

ಮೋಲ್ಡಿಂಗ್ ಲೈನ್ ಒಂದು ವರ್ಷ ತಡವಾದರೆ ಎನ್‌ಪಿವಿ 2.7ರಿಂದ ಸುಮಾರು 2.37 ಕೋಟಿಗೆ ಇಳಿಯುತ್ತದೆ. ಆದರೆ 2027ರ ಏಪ್ರಿಲ್‌ನಲ್ಲಿ ಆರ್ಡರ್ ಹೋಗದಿದ್ದರೆ ಗ್ರಾಹಕರ ಸ್ಯಾಂಪಲ್ ಗಡುವು ತಪ್ಪುತ್ತದೆ, ಆಗ ಪೂರ್ತಿ 2.7 ಕೋಟಿ ಕೈತಪ್ಪಬಹುದು. ಆದ್ದರಿಂದ ಇದನ್ನು ತಿರಸ್ಕೃತ ಪ್ರಸ್ತಾವವೆಂದು ದಾಖಲಿಸದೆ, 2027ರ ಜನವರಿ ಸಭೆಯಲ್ಲಿ ಮತ್ತೆ ಮಂಡಿಸಲು ಕೋರುತ್ತೇನೆ. ಅಷ್ಟರಲ್ಲಿ ಬ್ಯಾಂಕಿನಿಂದ ಸಾಲಮಿತಿಯ ಸಡಿಲಿಕೆ ಕೋರಲು ಹಾಗೂ ಗ್ರಾಹಕರಿಂದ ಖರೀದಿಯ ಲಿಖಿತ ಭರವಸೆ ಪಡೆಯಲು ಅನುಮತಿ ನೀಡಬೇಕು."

ಮಿತಿಯ ಬೆಲೆ ಮಾತ್ರ ಟಿಪ್ಪಣಿಯ ಒಡಲಿನಲ್ಲಿಲ್ಲ. ಅನುಬಂಧದಲ್ಲಿ 12, 14, 15 ಕೋಟಿಗೆ ಎಷ್ಟೆಷ್ಟು ಎನ್‌ಪಿವಿ ಅಂತ ಮೂರು ಸಾಲು ಹಾಕಿದ್ದೇನೆ. ನಾಲ್ಕು ಜೋಡಿಯ ಲೆಕ್ಕವೂ 13% ಮಾತೂ ಅದರ ಮೇಲೆಯೇ ಇವೆ.

ತುಂಗಾತೀರ

ಅನುಬಂಧಕ್ಕೆ ತಳ್ಳಿದ್ದು ನನಗೆ ಇಷ್ಟವಾಗಲಿಲ್ಲ. ಬಹಳ ನಿರ್ದೇಶಕರು ಅಲ್ಲಿವರೆಗೆ ಹಾಳೆ ಮಗುಚೋದಿಲ್ಲ. ಆದರೆ ಉಳಿದದ್ದು ಗಟ್ಟಿಯಾಗಿದೆ. ಮುಂದಿನ ವರ್ಷದ ಮಿತಿ ಎಷ್ಟು ಅಂತ ಯಾರೂ ಭರವಸೆ ಕೊಟ್ಟಿಲ್ಲ ಅನ್ನೋದನ್ನೂ ಒಂದು ಸಾಲಿನಲ್ಲಿ ಸೇರಿಸಿ. ಅದು 8 ಕೋಟಿಗೆ ಇಳಿದರೆ ಮೋಲ್ಡಿಂಗ್ ಆಗಲೂ ಹಿಡಿಸುವುದಿಲ್ಲ.

ನಿವೃತ್ತ_ಬ್ಯಾಂಕರ್_ಉಡುಪಿ

ಜನವರಿಗೆ ಮತ್ತೆ ಮಂಡಿಸಿ ಏಪ್ರಿಲಿಗೆ ಆರ್ಡರ್ ಅಂದರೆ ಬ್ಯಾಂಕಿಗೆ ಮೂರೇ ತಿಂಗಳು. ಆಡಿಟ್ ಆದ ಲೆಕ್ಕ ಸೆಪ್ಟೆಂಬರಿನ ಹೊತ್ತಿಗೆ ಕೈಗೆ ಬಂದಿರುತ್ತದಲ್ಲ, ಸಡಿಲಿಕೆಯ ಅರ್ಜಿ ಅಕ್ಟೋಬರಿನಲ್ಲೇ ಹೋಗಲಿ. ಜನವರಿಗೆ ಕಾಯಬೇಡಿ.

ಸಿಎ_ಫೈನಲ್_ಮೈಸೂರು

ಒಂದು ಡೌಟ್ ಸರ್. ಈ ಟಿಪ್ಪಣಿ ಓದಿದ ಮೇಲೆ ಬೋರ್ಡ್ ಈಗಲೇ ಇನ್ನು 2 ಕೋಟಿ ಕೊಟ್ಟುಬಿಟ್ಟರೆ? 14 ಕೋಟಿಗೆ ಫರ್ನೇಸ್ ಮತ್ತು ಮೋಲ್ಡಿಂಗ್ ಬರುತ್ತೆ, ಆಗ ಸಿಎನ್‌ಸಿ ಬಿಡಬೇಕಾಗುತ್ತಲ್ಲ. ಬರೀ 2 ಕೋಟಿ ಹೆಚ್ಚಿದ್ದಕ್ಕೆ 7 ಕೋಟಿ ಪ್ರಾಜೆಕ್ಟ್ ಹೊರಗೆ ಹೋಗುತ್ತೆ.

ಉದ್ಯಮಬಾಗ_ಲೆಕ್ಕಿಗ

ಹೋಗುತ್ತದೆ. ಸಿಎನ್‌ಸಿಯ ಮಾಲು ಈಗ ಹೊರಗೆ ಜಾಬ್‌ವರ್ಕ್‌ಗೆ ಹೋಗುತ್ತಿದೆ, ಇನ್ನೊಂದು ವರ್ಷ ಹಾಗೇ ಹೋಗಬಹುದು. ಅದು ಕಾಯುವ ಪ್ರಾಜೆಕ್ಟ್. ಅದಕ್ಕೇ ಸಿಎನ್‌ಸಿ ಸಪ್ಲೈಯರ್ ಅಡ್ವಾನ್ಸ್ ಕೇಳಿ ದಿನಾ ಫೋನ್ ಮಾಡುತ್ತಿದ್ದರೂ ಕೊಟ್ಟಿಲ್ಲ. ಫರ್ನೇಸಿನ ಆರ್ಡರ್ ಈ ವಾರ ಹೋಗುತ್ತದೆ. ಸಿಎನ್‌ಸಿಯದ್ದು ಬೋರ್ಡ್ ಸಭೆಯಲ್ಲಿ ಮಿತಿ ಅಂತಿಮವಾದ ಮೇಲೆಯೇ.